ಮೊಮ್ಮಗಳಿಗಾಗಿ ಫೋನ್‌ನಲ್ಲಿ ವಿಡಿಯೊ ಮಾಡಿಡುವ ತಾತನ ಕಥೆ: ಬರೆಯುವುದು ಹೇಗೆ?

ವಯಸ್ಸಾದ ತಾತ. ಕೈಯಲ್ಲೊಂದು ಫೋನ್. ಮೊಮ್ಮಗಳು ದೊಡ್ಡವಳಾದ ಮೇಲೆ ನೋಡಲಿ ಎಂದು ಒಂದೊಂದೇ ವಿಡಿಯೊ ಮಾಡಿಡುತ್ತಿದ್ದಾನೆ. ಕೇಳಿದ ಕೂಡಲೇ ಬರೆಯಬೇಕು ಅನ್ನಿಸುವ ವಸ್ತು ಇದು. ನಾನೂ ಹಾಗೇ ಕೂತು ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ. ಓದಿದ ಗೆಳತಿ, "ಚೆನ್ನಾಗಿದೆ ಕಣೇ, ಆದರೆ ತಾತ ಮಾತಾಡಿದ್ದು ಬಿಟ್ಟು ಇದರಲ್ಲಿ ಏನಾಯ್ತು?" ಎಂದಳು. ಏನೂ ಆಗಿರಲಿಲ್ಲ. ತಾತ ಮನಸ್ಸಿನಲ್ಲಿದ್ದದ್ದನ್ನೆಲ್ಲ ಕ್ಯಾಮೆರಾ ಮುಂದೆ ಸಲೀಸಾಗಿ ಹೇಳಿಬಿಟ್ಟಿದ್ದ. ಅಡ್ಡಿಯಿಲ್ಲದೆ ಎಲ್ಲವನ್ನೂ ಹೇಳಿಬಿಡುವವನ ಮೇಲೆ ಕಥೆ ಕಟ್ಟಲು ಬರುವುದಿಲ್ಲ.

ಎರಡನೆಯ ಸಲ ಬರೆಯುವಾಗ ತಾತ ಏನನ್ನು ಅಳಿಸುತ್ತಾನೆ ಎನ್ನುವುದರಿಂದ ಶುರು ಮಾಡಿದೆ. ಆಮೇಲೆ ದಾರಿ ಕಾಣಿಸಿತು. ಆ ಕಥೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದೊಂದು ಹಂತವನ್ನೂ ಹೇಳುತ್ತೇನೆ.

ಮೊದಲು: ಹೇಳಲಾಗದ ಒಂದು ಮಾತು

ಪೆನ್ನು ಹಿಡಿಯುವ ಮೊದಲು ಒಂದು ವಾಕ್ಯ ಬರೆದುಕೊಳ್ಳಿ. ತಾತನಿಗೆ ಹೇಳಲೇಬೇಕಾಗಿರುವ, ಆದರೆ ಬಾಯಿಗೆ ಬರದ ವಾಕ್ಯ. "ನಿನ್ನನ್ನು ತುಂಬಾ ಪ್ರೀತಿಸ್ತೀನಿ" ಆಗುವುದಿಲ್ಲ. ಅದನ್ನು ಹೇಳಿದರೆ ಯಾರಿಗೂ ಏನೂ ನಷ್ಟವಿಲ್ಲ. ದೊಡ್ಡ ಕೌಟುಂಬಿಕ ರಹಸ್ಯವೂ ಬೇಡ. ಮಗು ದತ್ತು, ಆಸ್ತಿ ಮೋಸ, ಹಳೆಯ ಪ್ರೇಯಸಿ ಇಂಥವು ಬಂದರೆ ಅವೇ ಕಥೆಯಾಗಿ, ಫೋನ್ ಬರೀ ನೆಪವಾಗುತ್ತದೆ. ವಾಕ್ಯ ಚಿಕ್ಕದಿರಲಿ. ಆದರೆ ವಿಡಿಯೊ ನೋಡಲಿರುವ ಮಗುವಿಗೆ ಅದರಿಂದ ನಿಜವಾಗಿ ವ್ಯತ್ಯಾಸವಾಗಬೇಕು.

ನನ್ನ ಕಥೆಯಲ್ಲಿ ಮೊಮ್ಮಗಳಿಗೆ ಮೂರು ವರ್ಷ. ಎಡ ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತಿದೆ. ಮನೆಯಲ್ಲಿ ಎಲ್ಲರೂ ಹೇಳುವುದು ಒಂದೇ: "ನಮ್ಮ ಪುಟ್ಟಿಗೆ ನಿಂತಲ್ಲಿ ನಿಲ್ಲೋದು ಗೊತ್ತಿಲ್ಲ, ಓಡಿ ಬಿದ್ದು ಹುಬ್ಬು ಒಡ್ಕೊಂಡಳು." ನಿಜ ಬೇರೆ. ತಾತ ಅವಳು ಓಡುವುದನ್ನು ವಿಡಿಯೊ ಮಾಡುತ್ತಿದ್ದ. ಮೊದಲ ಸಲ ಬಟನ್ ಸರಿಯಾಗಿ ಒತ್ತಿರಲಿಲ್ಲ, ರೆಕಾರ್ಡ್ ಆಗಲಿಲ್ಲ. "ಇನ್ನೊಂದ್ಸಲ ಓಡಿ ಬಾ ಪುಟ್ಟಿ" ಎಂದ. ಸುಸ್ತಾಗಿದ್ದ ಮಗು ಎರಡನೆಯ ಸಲ ಓಡಿ ಬಂದು ಹೊಸ್ತಿಲು ಎಡವಿತು. ತಾತ ಆ ವಿಡಿಯೊ ಅಳಿಸಿದ. ಕೇಳಿದವರಿಗೆ "ಅವಳೇ ಓಡಿದ್ಲು" ಎಂದ.

ಹೇಳಲಾಗದ ವಾಕ್ಯ ಇಷ್ಟೆ: "ಓಡು ಅಂದವನು ನಾನು."

ಇದನ್ನು ಆರಿಸಲು ಎರಡು ಕಾರಣ. ಮೊದಲನೆಯದು, ಮಗುವಿನ ಮೇಲೆ ಒಂದು ತಪ್ಪು ಹೆಸರು ಕೂತಿದೆ, ಅದು ಅವಳ ಜೊತೆಗೇ ಬೆಳೆಯುತ್ತದೆ. ಎರಡನೆಯದು, ತಪ್ಪು ನಡೆದದ್ದೇ ಫೋನ್‌ನಿಂದ. ಈಗ ತಾತ ಅದೇ ಫೋನ್ ಮುಂದೆ ಕೂತಿದ್ದಾನೆ. ಬೇರೆ ವಾಕ್ಯ ಸಿಕ್ಕರೆ ಬರೆಯಿರಿ, ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ತಾತ ವಿಡಿಯೊ ಬದಲು ಪತ್ರ ಬರೆದಿದ್ದರೆ ಈ ಕಥೆ ಬದಲಾಗುತ್ತಿತ್ತಾ? ಇಲ್ಲ ಎಂದಾದರೆ ನಿಮ್ಮದು ಪತ್ರದ ಕಥೆ. ಪತ್ರವನ್ನೇ ಬರೆಸಿ.

ಮಗು ನೋಡುವಾಗ ಅದಕ್ಕೆ ಎಷ್ಟು ವಯಸ್ಸು?

ಇದು ತಾತನಿಗೆ ಗೊತ್ತಿರಬೇಕು, ಅಥವಾ ಗೊತ್ತಿಲ್ಲ ಎನ್ನುವುದೇ ಅವನ ತೊಂದರೆಯಾಗಬೇಕು. ನನ್ನ ತಾತ 18 ಎಂದು ಲೆಕ್ಕ ಹಾಕಿಕೊಂಡಿದ್ದಾನೆ. ಅಲ್ಲಿಗೆ 15 ವರ್ಷದ ಅಂತರ. ಎದುರಿಗೆ ಯಾರು ಕೂತಿರುತ್ತಾರೆ ಎಂದು ಊಹಿಸಲು ಅವನಿಗೆ ಬರುವುದಿಲ್ಲ. ಬಾಯಿಗೆ ಬರುವುದು ಮೂರು ವರ್ಷದ ಮಗುವಿನ ಜೊತೆ ಆಡುವ ಮಾತು. "ಪುಟ್ಟಿ, ಮಮ್ಮು ಆಯ್ತಾ?" ಎಂದು ಶುರು ಮಾಡಿ, ಥಟ್ಟನೆ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, "ನೀವು ಈಗ ಕಾಲೇಜಿಗೆ ಹೋಗ್ತಿರಬಹುದು" ಎನ್ನುತ್ತಾನೆ. ಮೊಮ್ಮಗಳಿಗೆ "ನೀವು"! ಆ ಒಂದು ಬಹುವಚನದಲ್ಲಿ 15 ವರ್ಷ ಬಂದುಬಿಡುತ್ತದೆ. ಅಂತರ ಎಷ್ಟು ದೊಡ್ಡದು ಎಂದು ವಿವರಿಸುವ ಪ್ಯಾರಾ ಬೇಕಾಗುವುದಿಲ್ಲ.

ನೀನು, ನೀವು, ಪುಟ್ಟಿ, ಪೂರ್ತಿ ಹೆಸರು. ಈ ನಾಲ್ಕರಲ್ಲಿ ಯಾವುದು ಎಲ್ಲಿ ಬರುತ್ತದೆ ಎಂದು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ನನ್ನ ಕಥೆಯಲ್ಲಿ ತಾತ ಸುಳ್ಳಿನ ಹತ್ತಿರ ಬಂದಾಗೆಲ್ಲ "ನೀವು" ಎನ್ನುತ್ತಾನೆ. ಓದುಗರಿಗೆ ಇದನ್ನು ಹೇಳಿಕೊಡಬೇಡಿ. ಎರಡನೆಯ ಸಲಕ್ಕೆ ಅವರಿಗೇ ಗೊತ್ತಾಗುತ್ತದೆ.

ನಿರೂಪಕ ತಾತನನ್ನು "ಅವನು" ಎನ್ನಬೇಕೋ "ಅವರು" ಎನ್ನಬೇಕೋ ಎನ್ನುವುದೂ ಇಲ್ಲೇ ನಿರ್ಧಾರವಾಗಲಿ. ಮೊದಲ ಕರಡಿನಲ್ಲಿ ನಾನು ಗೌರವದಿಂದ "ಅವರು" ಎಂದು ಬರೆದಿದ್ದೆ. ಅಷ್ಟು ಗೌರವ ಕೊಟ್ಟ ಮೇಲೆ ಅವರು ಸುಳ್ಳು ಹೇಳಿದ್ದನ್ನು ಬರೆಯಲು ನನ್ನ ಕೈಯೇ ಹಿಂಜರಿಯಿತು. "ಅವನು" ಎಂದ ಮೇಲೆ ಸಲೀಸಾಯಿತು.

ಕಥೆಯನ್ನು ಎಲ್ಲಿ ನಿಂತು ನೋಡುತ್ತೀರಿ?

ಮೂರು ಜಾಗಗಳಿವೆ. ಒಂದು, ಬರೀ ವಿಡಿಯೊಗಳಲ್ಲಿ ಕೇಳಿಸುವ ಮಾತನ್ನಷ್ಟೇ ಬರೆಯುವುದು. ಎರಡು, 15 ವರ್ಷದ ನಂತರ ಮೊಮ್ಮಗಳು ನೋಡುತ್ತಾ ಹೇಳುವುದು. ಮೂರು, ತಾತನ ಜೊತೆ ಆ ಕೋಣೆಯಲ್ಲೇ ಇರುವುದು.

ಮೊದಲನೆಯದು ಆಕರ್ಷಕ. ಪುಟದ ಮೇಲೆ ಹೊಸದಾಗಿಯೂ ಕಾಣುತ್ತದೆ. ಆದರೆ ಅಳಿಸಿದ ವಿಡಿಯೊಗಳು ಅಲ್ಲಿ ಇರುವುದಿಲ್ಲ, ಮತ್ತು ನಮ್ಮ ಕಥೆ ಇರುವುದೇ ಅವುಗಳಲ್ಲಿ. ಎರಡನೆಯದರಲ್ಲಿ ತಾತ ಈಗಿಲ್ಲ ಎನ್ನುವುದು ಮೊದಲ ಸಾಲಿಗೇ ತಿಳಿದು, ಓದುಗರು ಕರವಸ್ತ್ರ ಹುಡುಕಲು ಶುರು ಮಾಡುತ್ತಾರೆ. ಅಳು ಅಷ್ಟು ಬೇಗ ಬಂದರೆ ಆಮೇಲೆ ಮಾಡಲು ಏನೂ ಉಳಿಯುವುದಿಲ್ಲ. ಹಾಗಾಗಿ ನಾನು ಮೂರನೆಯದನ್ನು ಆರಿಸಿದೆ. ತಾತ ಒತ್ತುವುದು, ಮಾತಾಡುವುದು, ತಿರುಗಿ ನೋಡುವುದು, ಅಳಿಸುವುದು ಎಲ್ಲವೂ ನಮಗೆ ಕಾಣುತ್ತದೆ. ಮೊಮ್ಮಗಳಿಗೆ ಸಿಗದ ಭಾಗ ನಮಗೆ ಸಿಗುತ್ತದೆ.

ಇದರಿಂದ ಒಂದು ಗೊಂದಲ ಹುಟ್ಟುತ್ತದೆ. ಯಾವ ಮಾತು ರೆಕಾರ್ಡ್ ಆಯಿತು, ಯಾವುದು ಆಗಲಿಲ್ಲ? ನಾನು ಮಾಡಿಕೊಂಡ ಏರ್ಪಾಡು ಸರಳ. ರೆಕಾರ್ಡ್ ಆದ ಮಾತು ಹೊಸ ಸಾಲಿನಲ್ಲಿ, ಉದ್ಧರಣ ಚಿಹ್ನೆ ಇಲ್ಲದೆ. ಉಳಿದ ಮಾತೆಲ್ಲ ಚಿಹ್ನೆಯ ಒಳಗೆ. ಮೊದಲ ಪುಟದಲ್ಲಿ ಒಮ್ಮೆ ಕಲಿತರೆ ಓದುಗರು ಮರೆಯುವುದಿಲ್ಲ. ಕೊನೆಯಲ್ಲಿ ಇದು ತುಂಬಾ ಕೆಲಸಕ್ಕೆ ಬಂತು, ಮುಂದೆ ಹೇಳುತ್ತೇನೆ.

ಫೋನನ್ನು ಕೈಯಲ್ಲಿ ಹಿಡಿದು ಕಲಿಯಿರಿ

ಈ ಹಂತವನ್ನು ಬಿಡಬೇಡಿ. ಫೋನನ್ನು ಪುಸ್ತಕಗಳಿಗೆ ಒರಗಿಸಿಟ್ಟು, ಎದುರು ಕೂತು ಎರಡು ನಿಮಿಷ ಮಾತಾಡಿ. ನಂತರ ನೋಡಿ. ಕುರ್ಚಿಯಲ್ಲಿ ಕೂತು ಕಲ್ಪಿಸಿಕೊಂಡರೆ ಸಿಗದ ಸಂಗತಿಗಳು ಸಿಗುತ್ತವೆ.

ಮೊದಲು ಕಾಣುವುದು ಕಣ್ಣು. ನಾವು ಪರದೆಯ ಮೇಲಿನ ನಮ್ಮದೇ ಮುಖ ನೋಡುತ್ತಾ ಮಾತಾಡುತ್ತೇವೆ, ಕ್ಯಾಮೆರಾ ಇರುವುದು ಅದರ ಮೇಲಿನ ಅಂಚಿನಲ್ಲಿ. ಹಾಗಾಗಿ ವಿಡಿಯೊದಲ್ಲಿ ನಾವು ಎದುರಿಗಿರುವವರ ಗಲ್ಲವನ್ನೋ ಎದೆಯನ್ನೋ ನೋಡುತ್ತಿರುವಂತೆ ಕಾಣುತ್ತದೆ. ಮುಚ್ಚಿಡಲು ಏನೂ ಇಲ್ಲದವರೂ ಕಣ್ಣು ತಪ್ಪಿಸಿದಂತೆ ಕಾಣುತ್ತಾರೆ. ಮುಚ್ಚಿಡಲು ಏನೋ ಇರುವ ನಮ್ಮ ತಾತ ತನ್ನನ್ನು ಹಾಗೆ ನೋಡಿದಾಗ ಏನಾಗಬಹುದು!

ಎರಡನೆಯದು ಎಡಬಲ. ಮುಂದಿನ ಕ್ಯಾಮೆರಾ ಹಾಕಿದಾಗ ಪರದೆ ಕನ್ನಡಿಯಂತೆ ತೋರಿಸುತ್ತದೆ. ಎಡಗೈ ಎತ್ತಿದರೆ ಪರದೆಯ ಎಡಬದಿಯಲ್ಲೇ ಕೈ ಏಳುತ್ತದೆ. ಆದರೆ ಅನೇಕ ಫೋನ್‌ಗಳು ಉಳಿಸುವಾಗ ಅದನ್ನು ತಿರುಗಿಸಿ, ಬೇರೆಯವರು ನಮ್ಮನ್ನು ನೋಡುವಂತೆ ಉಳಿಸುತ್ತವೆ. ಆಗ ಅದೇ ಕೈ ಬಲಬದಿಯಲ್ಲಿ ಕಾಣುತ್ತದೆ. ಕೆಲವು ಫೋನ್‌ಗಳಲ್ಲಿ ಇದನ್ನು ಬದಲಿಸುವ ಸೆಟ್ಟಿಂಗ್ ಇರುತ್ತದೆ. ನಿಮ್ಮ ಫೋನ್ ಏನು ಮಾಡುತ್ತದೆ ನೋಡಿಕೊಂಡೇ ಬರೆಯಿರಿ.

ಮೂರನೆಯದು ಕೆಂಪು ಬಟನ್. ಒತ್ತಿದರೆ ಶುರು, ಅದನ್ನೇ ಮತ್ತೆ ಒತ್ತಿದರೆ ನಿಲ್ಲುತ್ತದೆ. ಬೆರಳು ನಡುಗಿ ಎರಡು ಸಲ ತಾಗಿತು ಅನ್ನಿ, ಶುರುವಾಗಿ ನಿಂತೇ ಹೋಗುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ತಿರುಗುಮುರುಗು. ಅವನು "ಶುರು" ಎಂದುಕೊಂಡಾಗ ನಿಂತಿರುತ್ತದೆ, "ಮುಗೀತು" ಎಂದು ಒತ್ತಿದಾಗ ಶುರುವಾಗುತ್ತದೆ. ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿವೆಯೇ ಎಂದು ನೋಡಿದರೆ ತಿಳಿಯುತ್ತದೆ. ಕನ್ನಡಕವಿಲ್ಲದವರಿಗೆ ಅದು ಕಾಣುವುದಿಲ್ಲ.

ಇಷ್ಟರಲ್ಲಿ ಎರಡನ್ನೋ ಮೂರನ್ನೋ ಮಾತ್ರ ಇಟ್ಟುಕೊಳ್ಳಿ. ನಡುವೆ ಕರೆ ಬಂದು ರೆಕಾರ್ಡಿಂಗ್ ನಿಲ್ಲುವುದು, ಜಾಗ ತುಂಬಿತು ಎಂಬ ಸೂಚನೆ, ಮೈಕಿನ ಮೇಲೆ ಬೆರಳಿಟ್ಟು ದನಿ ಉಡುಗುವುದು, ಎಲ್ಲವನ್ನೂ ತುರುಕಿದರೆ ತಾತ ನಗೆಪಾಟಲಾಗುತ್ತಾನೆ. ಅಳಿಸಿದ ವಿಡಿಯೊ ಅನೇಕ ಫೋನ್‌ಗಳಲ್ಲಿ 30 ದಿನ ಕಸದ ಫೋಲ್ಡರ್‌ನಲ್ಲಿ ಉಳಿದಿರುತ್ತದೆ ಎಂಬುದನ್ನು ನಾನು ಒಂದು ಕರಡಿನಲ್ಲಿ ಬಳಸಿದ್ದೆ. ಮಗು ಬಿದ್ದ ವಿಡಿಯೊ 29ನೇ ದಿನ ಸಿಗುವ ಹಾಗೆ. ವಿಡಿಯೊ ಸಿಗುತ್ತದೋ ಇಲ್ಲವೋ ಎಂಬ ಕುತೂಹಲದ ಕಥೆಯಾಯಿತು, ತಾತ ಕಳೆದುಹೋದ. ತೆಗೆದುಹಾಕಿದೆ.

ತಾತನ ಕಸುಬು

ತಾತ "ತಾತ" ಮಾತ್ರ ಆಗಿದ್ದರೆ ಅವನ ಬಾಯಲ್ಲಿ ಬರುವುದು ಉಪದೇಶ. ಅವನು ಏನು ಕೆಲಸ ಮಾಡಿದವನು ಎಂದು ಗೊತ್ತಾದರೆ ಅವನು ಫೋನನ್ನು ಹೇಗೆ ನೋಡುತ್ತಾನೆ ಎಂಬುದೂ ಗೊತ್ತಾಗುತ್ತದೆ. ನನ್ನ ತಾತ ನಿವೃತ್ತ ಬಸ್ ಡ್ರೈವರ್. ಜೀವಮಾನವಿಡೀ ಮುಂದೆ ನೋಡುತ್ತಲೇ ಮಾತಾಡಿದವನು, ಮುಖ ನೋಡಿ ಮಾತಾಡಿ ಅಭ್ಯಾಸವಿಲ್ಲ. ಹಿಂದೆ ಏನಾಗುತ್ತಿದೆ ಎಂದು ಕನ್ನಡಿಯಲ್ಲಿ ನೋಡಿದವನು. ಪರದೆ ಕನ್ನಡಿಯಂತೆ ಇದ್ದಾಗ ಅವನಿಗೆ ಆರಾಮ. ತಿರುಗಿ ಹಾಕಿ ನೋಡಿದಾಗ ಎಡಬಲ ಬದಲಾಗಿದ್ದರೆ ಗಾಬರಿ. ಅದು ದಡ್ಡತನವಲ್ಲ, ಅವನ ಕಸುಬಿನ ಕಣ್ಣು. ಫೋನ್ ಗೊತ್ತಿಲ್ಲದ ಮುದುಕನನ್ನು ನೋಡಿ ನಗುವ ಕಥೆಗಳು ಬೇಕಾದಷ್ಟಿವೆ, ಈ ಒಂದು ವಿವರ ನಿಮ್ಮನ್ನು ಅಲ್ಲಿಂದ ಪಾರು ಮಾಡುತ್ತದೆ.

ವಿಡಿಯೊಗಳ ಪಟ್ಟಿ

ಈಗ ಕಥೆಯ ಹಂದರ. ಎಷ್ಟು ವಿಡಿಯೊ, ಒಂದೊಂದೂ ಎಷ್ಟು ಹೊತ್ತು, ಉಳಿಯಿತೋ ಅಳಿಯಿತೋ ಎಂದು ಬರೆದುಕೊಳ್ಳಿ. 1,500 ರಿಂದ 2,000 ಪದದ ಕಥೆಗೆ ಐದಕ್ಕಿಂತ ಜಾಸ್ತಿ ಬೇಡ. ನನ್ನದು ಹೀಗಿತ್ತು:

1. ನಾಲ್ಕು ಸೆಕೆಂಡ್. ಗಲ್ಲ ಮಾತ್ರ ಕಾಣುತ್ತದೆ. ಬೆರಳು ಎರಡು ಸಲ ತಾಗಿದೆ. ಅಳಿಸುತ್ತಾನೆ.
2. ಮೂರು ನಿಮಿಷ. ಓದು, ಆರೋಗ್ಯ, ದೊಡ್ಡವರಿಗೆ ಮರ್ಯಾದೆ. ಉಳಿಸುತ್ತಾನೆ.
3. ಒಂದು ನಿಮಿಷ. ಹುಬ್ಬಿನ ಗುರುತಿನ ಮಾತು ಬರುತ್ತದೆ, ಮತ್ತೆ ಅದೇ ಸುಳ್ಳು. ನೋಡುತ್ತಾನೆ, ಅಳಿಸುತ್ತಾನೆ.
4. ನಿಜ ಹೇಳುತ್ತಾನೆ. ರೆಕಾರ್ಡ್ ಆಗಿಲ್ಲ.
5. ಅವನು ಮಾಡಿದ್ದಲ್ಲ, ತಾನೇ ಆದದ್ದು. ಆರು ನಿಮಿಷ.

ಪಟ್ಟಿಯಲ್ಲೇ ಕಥೆ ಕಾಣುತ್ತಿದೆ, ಅಲ್ವಾ? ಎರಡನೆಯದನ್ನು ಗಮನಿಸಿ. ಉಪದೇಶ ಅಲ್ಲಿದೆ, ಆದರೆ ತಪ್ಪಿಸಿಕೊಳ್ಳುವ ದಾರಿಯಾಗಿ. ಅವನು ಉಳಿಸಿಕೊಳ್ಳುವುದು ಕೆಲಸಕ್ಕೆ ಬಾರದ ವಿಡಿಯೊವನ್ನೇ. ಅದನ್ನು ನಾನು ಪೂರ್ತಿ ಬರೆಯಲೇ ಇಲ್ಲ. ನಾಲ್ಕು ಸಾಲು ಕೊಟ್ಟು, "ಹೀಗೆ ಮೂರು ನಿಮಿಷ" ಎಂದು ಮುಂದೆ ಹೋದೆ.

ಮೂರನೆಯ ವಿಡಿಯೊ: ಒಂದು ದೃಶ್ಯವನ್ನು ಬರೆದು ನೋಡೋಣ

ಮೊದಲ ಕರಡಿನಲ್ಲಿ ಹೀಗಿತ್ತು:

> ಪುಟ್ಟಿ, ನಿನ್ನ ಹುಬ್ಬಿನ ಮೇಲಿನ ಗಾಯದ ಬಗ್ಗೆ ನಿನಗೆ ಒಂದು ಸತ್ಯ ಹೇಳಬೇಕು. ಅದು ನನ್ನ ಮನಸ್ಸನ್ನು ಬಹಳ ದಿನಗಳಿಂದ ಕೊರೆಯುತ್ತಿದೆ.

ಇದು ಬರೆದ ಮಾತು, ಆಡಿದ ಮಾತಲ್ಲ. ಬಾಯಿಬಿಟ್ಟು ಓದಿದರೆ ಗೊತ್ತಾಗುತ್ತದೆ. ಮಾತಾಡುವವರು ವಿಷಯಕ್ಕೆ ನೇರ ಬರುವುದಿಲ್ಲ, ಸುತ್ತಿ ಬರುತ್ತಾರೆ, ನಡುವೆ ಬೇರೇನೋ ನೆನಪಾಗುತ್ತದೆ. "ಸತ್ಯ ಹೇಳಬೇಕು" ಎಂದು ಯಾರೂ ಡಂಗುರ ಸಾರುವುದೂ ಇಲ್ಲ. ತಿದ್ದಿದ್ದು ಹೀಗೆ:

> ಪುಟ್ಟಿ, ನಿಮ್ಮ… ನಿನ್ನ ಹುಬ್ಬು ಇದೆಯಲ್ಲ, ಇಲ್ಲಿ, ಇಲ್ಲಿ ಒಂದು ಗೀಟು. ಈಗ ಹೋಗಿರಬಹುದು. ಹೋಗಿರುತ್ತೆ ಬಿಡು. ನೀವು ಚಿಕ್ಕವರಿದ್ದಾಗ ಒಂದ್ಕಡೆ ನಿಲ್ತಿರಲಿಲ್ಲ. ಓಡೋದೇ ಓಡೋದು. ನಿಮ್ಮಮ್ಮ ಬೈಯೋಳು, ಅಪ್ಪ, ಸ್ವಲ್ಪ ನೋಡ್ಕೊಳಿ ಅಂತ. ನಾನು ನೋಡ್ತಾನೇ ಇದ್ದೆ. ನೋಡ್ತಾ ಇದ್ದೆ.
>
> ನಿಲ್ಲಿಸಿ, ಹಾಕಿ ನೋಡಿದ. ಎಡ ಹುಬ್ಬು ಮುಟ್ಟಿದ್ದ. ಫೋನ್‌ನಲ್ಲಿ ಕೈ ಆಚೆ ಕಡೆ ಇತ್ತು. "ಅರೆ, ಅವಳಿಗೆ ಈ ಕಡೆ ಅಲ್ವಾ ಆಗಿದ್ದು." ಅಳಿಸಿದ.

ಇಲ್ಲಿ ಮೂರು ಕೆಲಸ ಒಟ್ಟಿಗೆ ಆಗಿವೆ. "ನಿನ್ನ" ಎಂದು ತಿದ್ದಿಕೊಂಡವನು ಸುಳ್ಳಿಗೆ ಬರುವಾಗ ಮತ್ತೆ "ನೀವು" ಎಂದ. "ನೋಡ್ತಾನೇ ಇದ್ದೆ" ಎನ್ನುವುದು ನಿಜ, ಏಕೆಂದರೆ ಅವನು ಪರದೆಯ ಮೂಲಕ ನೋಡುತ್ತಿದ್ದ. ಅದನ್ನು ಎರಡು ಸಲ ಹೇಳಿದ್ದರಿಂದ ಓದುಗರಿಗೆ ಅನುಮಾನ ಹತ್ತುತ್ತದೆ. ಇನ್ನು ಅಳಿಸುವುದಕ್ಕೆ ಅವನು ಕೊಡುವ ಕಾರಣ ಎಡಬಲದ್ದು. ನಿಜವಾದ ಕಾರಣ ಬೇರೆ ಎಂದು ನಮಗೆ ಗೊತ್ತು, ಅವನೂ ಒಪ್ಪಬೇಕಿಲ್ಲ. "ತಾನು ಸುಳ್ಳು ಹೇಳಿದ್ದು ಅವನಿಗೆ ಚುಚ್ಚಿತು" ಎಂದು ನಾನು ಬರೆದಿದ್ದ ಸಾಲನ್ನು ಹೊಡೆದು ಹಾಕಲು ಒಂದು ವಾರ ಹಿಡಿಯಿತು.

ಮಾತಿನ ಉದ್ದವನ್ನೂ ಪರೀಕ್ಷಿಸಿ. ಒಂದು ನಿಮಿಷದ ವಿಡಿಯೊ ಎಂದಿದ್ದರೆ, ಗಡಿಯಾರ ಇಟ್ಟುಕೊಂಡು ತಾತನ ವೇಗದಲ್ಲಿ, ತಡೆದು ತಡೆದು ಓದಿ. ನನ್ನ ಹಳೆಯ ಕರಡಿನಲ್ಲಿ "ನಲವತ್ತು ಸೆಕೆಂಡ್" ಎಂದು ಬರೆದು ಮೂರು ನಿಮಿಷದ ಭಾಷಣ ಬರೆದಿದ್ದೆ.

ನಾಲ್ಕು ಮತ್ತು ಐದು: ತಿರುವು ಕಾಕತಾಳೀಯ ಅನ್ನಿಸದ ಹಾಗೆ

ನಾಲ್ಕನೆಯದರಲ್ಲಿ ತಾತ ಕನ್ನಡಕ ತೆಗೆದಿಡುತ್ತಾನೆ. ತನ್ನ ಮುಖ ಕಾಣದಿದ್ದರೆ ಹೇಳಬಹುದು ಎಂದು. ಬಟನ್ ಒತ್ತುತ್ತಾನೆ, ಕಿಟಕಿಯ ಆಚೆ ನೋಡುತ್ತಾ, ಬಸ್ ಓಡಿಸುವಾಗ ಮಾತಾಡುತ್ತಿದ್ದ ಹಾಗೆ, ಎಲ್ಲವನ್ನೂ ಹೇಳುತ್ತಾನೆ. ಬೆರಳು ಎರಡು ಸಲ ತಾಗಿತ್ತು. ಇದನ್ನು ನಾನು ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ಅವನ ಮಾತನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿದ್ದೇನೆ, ಅಷ್ಟೆ. ಮೊದಲ ಪುಟದ ಏರ್ಪಾಡು ನೆನಪಿರುವವರಿಗೆ ಅಲ್ಲೇ ಎದೆ ಧಸಕ್ ಎನ್ನುತ್ತದೆ.

ಇಂಥ ತಿರುವಿಗೆ ಎರಡು ಆಧಾರ ಮೊದಲೇ ಇರಬೇಕು. ಬೆರಳು ಎರಡು ಸಲ ತಾಗುವುದು ಮೊದಲ ವಿಡಿಯೊದಲ್ಲೇ ಆಗಿಹೋಗಿದೆ, ಆಗ ಅದು ತಮಾಷೆಯಾಗಿತ್ತು. ಕನ್ನಡಕ ತೆಗೆಯುವುದಕ್ಕೆ ಅವನದೇ ಕಾರಣವಿದೆ. ಈ ಎರಡೂ ಇಲ್ಲದೆ "ಅಯ್ಯೋ, ರೆಕಾರ್ಡೇ ಆಗಿರಲಿಲ್ಲ" ಎಂದರೆ ಓದುಗರು ಮೋಸ ಎನ್ನುತ್ತಾರೆ. ಅದು ಸರಿಯೇ.

ಹೇಳಿ ಮುಗಿಸಿ ತಾತ ಮತ್ತೆ ಬಟನ್ ಒತ್ತುತ್ತಾನೆ. ಈಗ ರೆಕಾರ್ಡ್ ಶುರುವಾಗುತ್ತದೆ. ಫೋನನ್ನು ಮೇಜಿನ ಮೇಲೆ ಮಲಗಿಸುತ್ತಾನೆ. ನಿದ್ದೆಯಿಂದ ಎದ್ದ ಮಗು ಒಳಗೆ ಬಂದು ಅವನ ತೊಡೆ ಏರುತ್ತದೆ. ಇಲ್ಲಿಂದ ಮಾತು ಚಿಹ್ನೆ ಬಿಟ್ಟು ಹೊಸ ಸಾಲಿಗೆ ಬರುತ್ತದೆ:

> ತಾತ, ಏನ್ ಮಾಡ್ತಿದೀಯ?
>
> ನಿನ್ ಜೊತೆ ಮಾತಾಡ್ತಿದ್ದೆ.
>
> ನಾನು ಮಲ್ಗಿದ್ದೆ.
>
> ಹೂಂ. ಅದಕ್ಕೇ.
>
> ಓಡ್ಲಾ?
>
> ಬೇಡ ಕಣೇ. ಅವತ್ತೂ ನಾನೇ ಓಡು ಅಂದಿದ್ದು. ಇಲ್ಲೇ ಕೂತ್ಕೋ.
>
> ಬಿಸ್ಕತ್ತು?

ಒಪ್ಪಿಕೊಳ್ಳುವ ಮಾತು ಒಂದೇ ಸಾಲು, ಅದೂ ಮಗುವಿನ ಎರಡು ಪ್ರಶ್ನೆಗಳ ನಡುವೆ ಸಿಕ್ಕಿಕೊಂಡಿದೆ. ನಾಲ್ಕನೆಯದರಲ್ಲಿ ಹೇಳಿದ ಉದ್ದದ ಮಾತು ಹೋಯಿತು, ಇದು ಉಳಿಯಿತು. ಇಲ್ಲಿ ಅವನು "ನೀವು" ಎನ್ನಲಿಲ್ಲ. ಮಗುವಿಗೆ ತಿಳಿದಂತೆ ಮಾಡಬೇಡಿ, ತಾತನ ಕೆನ್ನೆ ಒರೆಸುವ ಮಗು ಬೇಡವೇ ಬೇಡ. ಮೂರು ವರ್ಷದ ಮಗುವಿಗೆ ಬೇಕಿರುವುದು ಬಿಸ್ಕತ್ತು.

ಮುಗಿಸುವುದು

ನಾನು ಮೂರು ಮುಕ್ತಾಯ ಬರೆದೆ. ಒಂದರಲ್ಲಿ ತಾತ ತೀರಿಕೊಂಡ. ಇನ್ನೊಂದರಲ್ಲಿ 18 ವರ್ಷದ ಮೊಮ್ಮಗಳು ವಿಡಿಯೊ ನೋಡಿ ಹುಬ್ಬು ಮುಟ್ಟಿಕೊಂಡಳು. ಎರಡನ್ನೂ ಕಥೆ ಕೇಳಿರಲಿಲ್ಲ. ವಯಸ್ಸಾದವನು "ಮುಂದೆ ನೋಡಲಿ" ಎಂದು ರೆಕಾರ್ಡ್ ಮಾಡುತ್ತಿದ್ದಾನೆ ಎಂದ ಕೂಡಲೇ ಸಾವು ಓದುಗರ ತಲೆಯಲ್ಲಿ ಬಂದು ಕೂತಾಗಿದೆ, ಮತ್ತೆ ನಾವು ಕರೆತರಬೇಕಿಲ್ಲ. ಕಾಯಿಲೆ, ಮಾತ್ರೆ ಡಬ್ಬಿ, "ನಾನಿಲ್ಲದಾಗ" ಎಂಬ ಮಾತು, ಇವನ್ನೆಲ್ಲ ಹುಡುಕಿ ತೆಗೆದು ಓದಿ ನೋಡಿ. ಕಥೆ ಏನೂ ಕಳೆದುಕೊಂಡಿರುವುದಿಲ್ಲ.

ಉಳಿದದ್ದು ಮೂರನೆಯದು. ರಾತ್ರಿ ತಾತ ಕನ್ನಡಕ ಹಾಕಿಕೊಂಡು ಗ್ಯಾಲರಿ ತೆರೆಯುತ್ತಾನೆ. ತಾನು ಹೇಳಿದ್ದು ಎಲ್ಲೂ ಇಲ್ಲ. ಬದಲಿಗೆ ಆರು ನಿಮಿಷದ ಒಂದು ವಿಡಿಯೊ, ಅದರ ಚಿತ್ರದಲ್ಲಿ ಬರೀ ಸೂರು. ಹೆಸರು ಫೋನ್ ತಾನೇ ಇಟ್ಟದ್ದು: VID_20240312_161504.mp4. ವರ್ಷ, ತಿಂಗಳು, ದಿನ, ಆಮೇಲೆ ಗಂಟೆ, ನಿಮಿಷ, ಸೆಕೆಂಡ್. ಅನೇಕ ಫೋನ್‌ಗಳು ಹೀಗೆ ಹೆಸರಿಡುತ್ತವೆ. ಟ್ರಿಪ್ ಶೀಟಿನಲ್ಲಿ ಹೊರಟ ಹೊತ್ತು ಬರೆದು ರೂಢಿಯಾದ ಡ್ರೈವರಿಗೆ ಅದನ್ನು ಓದಲು ಬರುತ್ತದೆ. ನಾಲ್ಕು ಗಂಟೆ ಹದಿನೈದು ನಿಮಿಷ. ಅವಳು ಎದ್ದ ಹೊತ್ತು. ಅವನು ಹಾಕಿ ಕೇಳುತ್ತಾನೆ, ಅಳಿಸುವ ಗುರುತಿನ ಮೇಲೆ ಬೆರಳು ಇಡುತ್ತಾನೆ. ಫೋನ್ ಕೇಳುತ್ತದೆ: ಅಳಿಸಬೇಕೇ? ಅವನು ಮಗಳನ್ನು ಕೂಗಿ, "ಇದನ್ನ ಎಲ್ಲೂ ಹೋಗದ ಹಾಗೆ ಇಡೋದು ಹೇಗಮ್ಮ?" ಎನ್ನುತ್ತಾನೆ. ಮಗಳು ಫೋನ್ ಕೈಗೆ ತೆಗೆದುಕೊಂಡು, "ಏನಪ್ಪ ಇದು, ಬರೀ ಸೂರು" ಎಂದು ಪ್ಲೇ ಒತ್ತುತ್ತಾಳೆ.

ಅಲ್ಲಿಗೆ ನಿಲ್ಲಿಸಿದೆ. ಅವನು ತಪ್ಪಿಸಿಕೊಂಡಿದ್ದು ಮೊಮ್ಮಗಳಿಂದಷ್ಟೇ ಅಲ್ಲ, ಮಗಳಿಂದಲೂ. ಮೊಮ್ಮಗಳಿಗೆ ಇನ್ನೂ 15 ವರ್ಷವಿದೆ. ಮಗಳು ಈಗಲೇ ಕೇಳುತ್ತಾಳೆ. ಅವಳು ಏನೆಂದಳು ಎಂದು ಬರೆಯುವ ಆಸೆ ನನಗೂ ಇತ್ತು. ಎರಡು ಸಲ ಬರೆದು ತೆಗೆದೆ.

ಶೀರ್ಷಿಕೆ ಕೊನೆಗೆ ಇಡಿ. "ತಾತನ ಸಂದೇಶ" ಎಂಬಂಥದ್ದು ಇಟ್ಟರೆ ಎರಡನೆಯ ವಿಡಿಯೊದ ಕಥೆ ಎಂದು ಹೇಳಿದಂತಾಗುತ್ತದೆ. ನಾನು "ಎಡ ಹುಬ್ಬು" ಎಂದು ಇಟ್ಟೆ. ಗೆಳತಿ ಈ ಸಲ ಓದಿ ಮುಗಿಸಿ, ನಾಲ್ಕನೆಯ ವಿಡಿಯೊದ ಪುಟಕ್ಕೆ ಹಿಂದಿರುಗಿ, ಉದ್ಧರಣ ಚಿಹ್ನೆಯ ಮೇಲೆ ಬೆರಳಿಟ್ಟು, "ಇದು ಬೇಕಂತಲೇ ಹಾಕಿದ್ದಾ?" ಎಂದು ಕೇಳಿದಳು.